ಹನ್ನೊಂದು ಗಂಟೆಯ ನೆರಳು

ಪಕ್ಕದ ಮನೆಯಿಂದ ವಾಂತಿಯ ಸದ್ದು ಕೇಳಿದಾಗ ವಿಷ್ಣು ತಾರಸಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಸೋಲಾರ್ ಪ್ಯಾನಲ್ಲುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಭಾನುವಾರ ಬೆಳಗ್ಗೆ ಒಂಬತ್ತೂವರೆ ಇರಬಹುದು. ಸದ್ದು ಒಮ್ಮೆ ನಿಂತು, ನೀರು ಮುಕ್ಕಳಿಸಿದ್ದು ಕೇಳಿ, ಮತ್ತೆ ಶುರುವಾಯಿತು. ಆ ಮನೆಯ ಇಸಾಕ್ ಸಾಬರ ಪತ್ನಿ ಕುಲ್ಸುಂ ಬೀಗೆ ಮೂರು ದಿನದಿಂದ ಜ್ವರ ಎಂದು ಹೆಂಡತಿ ಶ್ರೀರಂಜನಿ ಹೇಳಿದ್ದಳು. ಜ್ವರ ಬಂದವರು ವಾಂತಿ ಮಾಡುತ್ತಾರೆ, ಅದರಲ್ಲಿ ಹೊಸದೇನಿದೆ ಎಂದುಕೊಂಡ. ಆದರೆ ಅವನ ಕೈ ಗಾಜಿನ ಮೇಲೆ ಒಂದೇ ಜಾಗದಲ್ಲಿ ಸುತ್ತುತ್ತಿತ್ತು, ಕೊಳೆ ಹೋದ ಮೇಲೂ. ಒಂಬತ್ತು ದಿನ. ಮೊನ್ನೆಯಲ್ಲ, ಅದರ ಹಿಂದಿನ ಶುಕ್ರವಾರದಿಂದ ಎಣಿಸಿದರೆ ಇವತ್ತಿಗೆ ಒಂಬತ್ತು ದಿನ. ಎಣಿಸುವುದು ಬೇಡವೆಂದರೂ ಬೆಳಗ್ಗೆ ಹಲ್ಲುಜ್ಜುವಾಗಲೇ ಆ ಲೆಕ್ಕ ತಾನಾಗಿ ಒಂದು ಕೂಡಿಸಿಕೊಂಡು ಬಾಯಿಗೆ ಬರುತ್ತಿತ್ತು. ತಲೆ ಎತ್ತದೆಯೇ ಅವನಿಗೆ ಗೊತ್ತಾಯಿತು, ನೆರಳು ಬಂದಿದೆ. ಪಶ್ಚಿಮದ ತುದಿಯ ಪ್ಯಾನಲ್ಲಿನ ಮೇಲೆ ತೆಂಗಿನ ಗರಿಯ ನೆರಳು ಬಿದ್ದು, ಬಾಚಣಿಗೆಯ ಹಲ್ಲುಗಳ ಹಾಗೆ ಅಲ್ಲಾಡುತ್ತಿತ್ತು.

ಏಪ್ರಿಲ್‌ನಲ್ಲಿ ಈ ನೆರಳು ಇರಲಿಲ್ಲ. ಇದನ್ನು ಅವನು ಎಷ್ಟು ಜನಕ್ಕೆ ಹೇಳಿದ್ದ! ಪ್ಯಾನಲ್ ಹಾಕಿದ ಸಿದ್ದಾರ್ಥ ಆವತ್ತು ತಾರಸಿಯ ನಡುವೆ ನಿಂತು ಸುತ್ತ ನೋಡಿ, 'ಪರವಾಗಿಲ್ಲ ಸಾರ್, ಕ್ಲಿಯರ್ ಇದೆ' ಎಂದಿದ್ದ. ಏಪ್ರಿಲ್ ಕೊನೆಯಲ್ಲಿ ಮರಳೂರಿನ ಮೇಲೆ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೇ ಇರುತ್ತಾನೆ. ಮರದ ನೆರಳು ಮರದ ಬುಡದಲ್ಲೇ ಮುದುರಿಕೊಂಡಿರುತ್ತದೆ. ಅಕ್ಟೋಬರ್ ಕಳೆಯುತ್ತ ಸೂರ್ಯ ದಕ್ಷಿಣಕ್ಕೆ ವಾಲಿದ ಹಾಗೆ, ದಕ್ಷಿಣದ ಮನೆಯ ಇಸಾಕ್ ಸಾಬರ ಕಾಂಪೌಂಡಿನ ಮೂಲೆಯಲ್ಲಿದ್ದ ಮರ ದಿನಕ್ಕೊಂದು ಗೇಣಿನಂತೆ ಇವನ ತಾರಸಿಯ ಮೇಲೆ ಒರಗತೊಡಗಿತು. ಡಿಸೆಂಬರ್ ಹೊತ್ತಿಗೆ ಆರು ಪ್ಯಾನಲ್ಲುಗಳನ್ನೂ ಸರದಿಯ ಮೇಲೆ ಮುಟ್ಟತೊಡಗಿತು. ಒಂಬತ್ತೂವರೆಗೆ ಪಶ್ಚಿಮದ ತುದಿ, ಹನ್ನೊಂದಕ್ಕೆ ಸರಿಯಾಗಿ ನಡು, ಹನ್ನೆರಡೂವರೆಗೆ ಪೂರ್ವದ ತುದಿ. ನೆರಳು ಮುಚ್ಚುತ್ತಿದ್ದದ್ದು ಒಂದು ಸಲಕ್ಕೆ ಒಂದೂವರೆ ಪ್ಯಾನಲ್ಲು ಮಾತ್ರ. ಆದರೆ ಆರೂ ಒಂದೇ ಸಾಲಿನಲ್ಲಿ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದಂತಿದ್ದವು. ಒಂದೇ ಕರೆಂಟು ಎಲ್ಲವನ್ನೂ ಹಾದು ಬರಬೇಕು. ನೀರು ಹರಿಯುವ ಪೈಪಿನ ಮೇಲೆ ಯಾರೋ ಕಾಲಿಟ್ಟ ಹಾಗೆ. ಕಾಲಿಟ್ಟ ಜಾಗವನ್ನು ಬಳಸಿಕೊಂಡು ಹೋಗಲು ಪ್ಯಾನಲ್ಲಿನ ಹಿಂದೆ ಡಯೋಡುಗಳಿದ್ದವು ನಿಜ, ಆದರೆ ಗರಿ ಗಾಳಿಗೆ ಅಲ್ಲಾಡಿದಾಗೆಲ್ಲ ನೆರಳೂ ಅಲ್ಲಾಡಿ, ಇನ್ವರ್ಟರ್ ಯಾವ ವೋಲ್ಟೇಜಿನಲ್ಲಿ ನಿಲ್ಲುವುದೆಂದು ತಿಳಿಯದೆ ತಡಕಾಡುತ್ತಿತ್ತು. ಎರಡು ಸಾವಿರದ ನಾನೂರು ವಾಟ್ ಇದ್ದದ್ದು ಎಂಟುನೂರಕ್ಕೆ ಬೀಳುತ್ತಿತ್ತು, ಸಾವಿರಕ್ಕೆ ಏರುತ್ತಿತ್ತು, ಮತ್ತೆ ಬೀಳುತ್ತಿತ್ತು.

ವಿಷ್ಣು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಲ್ಯಾಬಿನ ಇನ್‌ಸ್ಟ್ರಕ್ಟರ್. ಹತ್ತೊಂಬತ್ತು ವರ್ಷ ಅದೇ ಹುದ್ದೆ. ಬೀದಿಯಲ್ಲಿ ಮೊದಲು ಸೋಲಾರ್ ಹಾಕಿಸಿದವನು ತಾನೆಂದು, ಗ್ರಿಡ್ಡಿಗೆ ತನ್ನ ಮನೆಯಿಂದ ಕರೆಂಟು ಹೋಗುತ್ತದೆಂದು, ಸ್ಟಾಫ್ ರೂಮಿನಲ್ಲಿ ಮೊಬೈಲು ತೆರೆದು ಎಲ್ಲರಿಗೂ ಗ್ರಾಫ್ ತೋರಿಸಿದ್ದ. ಬೆಳಗ್ಗೆ ಏಳರಿಂದ ಎದ್ದು, ಮಧ್ಯಾಹ್ನ ಗುಡ್ಡದ ಹಾಗೆ ದುಂಡಗೆ ಏರಿ, ಸಂಜೆ ಇಳಿಯುವ ಗೆರೆ. ಅದನ್ನು ನೋಡಿದಾಗ ಅವನಿಗೆ ತನ್ನ ಬದುಕಿನಲ್ಲಿ ಎಲ್ಲೂ ಇಲ್ಲದ ಒಂದು ಅಚ್ಚುಕಟ್ಟು ಅಲ್ಲಿ ಸಿಕ್ಕಿದಂತೆ ಅನಿಸುತ್ತಿತ್ತು. ನವೆಂಬರ್‌ನಲ್ಲಿ ಒಬ್ಬ ಲೆಕ್ಚರರ್ ಆ ಮೊಬೈಲನ್ನು ಕೈಗೆ ತೆಗೆದುಕೊಂಡು, 'ಇದೇನ್ ವಿಷ್ಣು ಸಾರ್, ನಿಮ್ ಗುಡ್ಡಕ್ಕೆ ಜೆಸಿಬಿ ಬಿಟ್ಟವ್ರಾ?' ಎಂದು ಕೇಳಿದಾಗ ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ. ಆ ನಗು ಮನೆಗೆ ಬರುವವರೆಗೂ ಮುಖದ ಮೇಲೆ ಅಂಟಿಕೊಂಡಿತ್ತು.

ಸಿದ್ದಾರ್ಥ ಮತ್ತೆ ಬಂದು ನೋಡಿ ದಾರಿಯನ್ನೂ ಹೇಳಿದ್ದ. ಉತ್ತರದ ಮೂಲೆಯಲ್ಲಿರುವ ನೀರಿನ ಟ್ಯಾಂಕನ್ನು ಸರಿಸಿ, ಅಲ್ಲಿ ಎತ್ತರದ ಸ್ಟ್ಯಾಂಡ್ ಹಾಕಿ ಪ್ಯಾನಲ್ಲುಗಳನ್ನು ಅಲ್ಲಿಗೆ ಒಯ್ದರೆ ನೆರಳು ಅಷ್ಟು ದೂರ ಬರುವುದಿಲ್ಲ. ಇಲ್ಲವೇ ಪ್ರತಿ ಪ್ಯಾನಲ್ಲಿಗೂ ಒಂದೊಂದು ಆಪ್ಟಿಮೈಸರ್ ಕೂಡಿಸಿದರೆ ಒಂದರ ನೆರಳು ಇನ್ನೊಂದನ್ನು ಎಳೆಯುವುದಿಲ್ಲ. ವಿಷ್ಣು ಎರಡಕ್ಕೂ ಒಪ್ಪಿರಲಿಲ್ಲ. ನಾನ್ಯಾಕೆ ಸರಿಸಲಿ, ನನ್ನ ತಾರಸಿ ಇದು. ಈಗ ಒದ್ದೆ ಬಟ್ಟೆ ಹಿಡಿದು ಕೂತಾಗ ಆ ಮಾತು ಬೇರೆ ಯಾರೋ ಆಡಿದ್ದರಂತೆ ಕಿವಿಯಲ್ಲಿ ಕೇಳಿತು. ಅರಣ್ಯ ಇಲಾಖೆಯ ಆಫೀಸಿಗೆ ಹೋದಾಗ ಅಲ್ಲಿನವರು ತೆಂಗು ಕಡಿಯಲು ನಮ್ಮ ಪರ್ಮಿಷನ್ನೇ ಬೇಡ, ಆದರೆ ಕಡಿಯಬೇಕಾದವರು ಮರದ ಮಾಲೀಕರು ಎಂದಿದ್ದರು. ಒಬ್ಬ ವಕೀಲರು, ನಿಮ್ಮ ಜಾಗದ ಮೇಲೆ ಚಾಚಿದ ಗರಿ ಇದ್ದರೆ ತೆಗೆಸಬಹುದು, ಚಾಚಿದ ನೆರಳನ್ನಲ್ಲ ಎಂದು ನಕ್ಕಿದ್ದರು. ಕೊನೆಗೆ ಇಸಾಕ್ ಸಾಬರೇ ಮರ ಹತ್ತುವ ಬೆಟ್ಟಸ್ವಾಮಿಯನ್ನು ಕರೆಸಿ ಕೆಳಗಿನ ನಾಲ್ಕು ಗರಿ ಇಳಿಸಿದ್ದರು. ನೆರಳು ಒಂದಿಷ್ಟು ತೆಳುವಾಯಿತು, ಹೋಗಲಿಲ್ಲ. ತಿಂಗಳಿಗೊಂದು ಹೊಸ ಗರಿ ಸುಳಿಯಿಂದ ಏಳುವ ಮರ ಅದು.

'ಮಾವಿನ ಮರ ಆಗಿದ್ರೆ ಈ ಕಡೆ ಕೊಂಬೆ ಕಡ್ಸಿ ಕೈ ತೊಳ್ಕೊಂತಿದ್ದೆ ವಿಷ್ಣು,' ಎಂದಿದ್ದರು ಸಾಬರು, ಕಾಂಪೌಂಡಿನ ಮೇಲೆ ಮೊಣಕೈ ಊರಿ. 'ಇದಕ್ಕಿರೋದು ಒಂದೇ ತಲೆ. ತಲೆ ತೆಗೆದ್ರೆ ಮರಾನೇ ಹೋಯ್ತು. ಇಲ್ಲಿ ಲೇಔಟ್ ಆಗೋ ಮುಂಚೆ ನೂರಾರು ಇದ್ವಂತೆ. ಇದೊಂದು ಸೈಟಿನ ಮೂಲೆಗೆ ಬಿತ್ತು ಅಂತ ಉಳ್ಕೊಂಡಿದೆ. ನನ್ ಕೈಯಾರೆ ಹೆಂಗ್ ಕಡಸ್ಲಿ ಹೇಳು?'

ಅವರು ಅಷ್ಟು ಮೃದುವಾಗಿ ಹೇಳಿದ್ದೇ ತಪ್ಪಾಯಿತೇನೋ. ಕೂಗಾಡಿದ್ದರೆ ಅವನೂ ಕೂಗಾಡಿ ಮುಗಿಸುತ್ತಿದ್ದ. ಡಿಸೆಂಬರ್ ಮೊದಲ ವಾರ ಬೀದಿಯಲ್ಲಿ, ಹಾಲಿನ ಬೂತಿನ ಮುಂದೆ, ಮತ್ತೆ ಅದೇ ಮಾತು ಬಂದಾಗ ಅವನ ಬಾಯಿಂದ ಅದು ಬಿದ್ದುಹೋಯಿತು: 'ನಿಮ್ ಜನಾನೇ ಹಿಂಗೆ. ಪಕ್ಕದಲ್ಲಿರೋರು ಹಾಳಾಗ್ಲಿ ಅಂತಾನೇ ನೋಡೋದು.' ಇಸಾಕ್ ಸಾಬರು ಹಾಲಿನ ಪ್ಯಾಕೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು, ಅಷ್ಟೆ. ಹದಿನಾಲ್ಕು ವರ್ಷ ರಂಜಾನಿಗೆ ಶೀರ್ ಖುರ್ಮಾ, ಯುಗಾದಿಗೆ ಒಬ್ಬಟ್ಟು ಎಂದು ಆ ಗೋಡೆಯ ಮೇಲೆ ಓಡಾಡಿದ ಪಾತ್ರೆಗಳೆಲ್ಲ ಆ ಕ್ಷಣದಲ್ಲಿ ಅವನ ಕಣ್ಣ ಮುಂದೆ ಬಂದವು. ಆದರೂ ಕ್ಷಮಿಸಿ ಎನ್ನಲು ನಾಲಿಗೆ ಏಳಲಿಲ್ಲ. ಮಾರನೆಯ ದಿನ ಬೀದಿಯ ಸಂಘದ ರಾಮಾಂಜಿನಯ್ಯ ಬೈಕು ನಿಲ್ಲಿಸಿ, ದನಿ ತಗ್ಗಿಸಿ, 'ಕೇಳ್ದೆ ಸಾರ್. ಒಂದ್ ಮಾತು ಹೇಳಿ ಸಾಕು, ನಾವಿದೀವಿ. ಮರ ಏನು, ಮನೇನೇ ಖಾಲಿ ಮಾಡ್ಸಾಣ' ಎಂದಾಗ ವಿಷ್ಣು ಒಂದು ಹೆಜ್ಜೆ ಹಿಂದೆ ಸರಿದ. 'ಅಯ್ಯೋ, ಅಂಥದ್ದೇನಿಲ್ಲ ಬಿಡಿ' ಎಂದು ನಕ್ಕು ಬಂದಿದ್ದ. ಇಷ್ಟು ಜನಕ್ಕೆ ಗೊತ್ತಿಲ್ಲದ ಹಾಗೆ, ಸದ್ದಿಲ್ಲದ ಹಾಗೆ, ಮರವೇ ತಾನಾಗಿ ಹೋಗಿಬಿಟ್ಟರೆ ಎಷ್ಟು ಒಳ್ಳೆಯದು ಎಂದು ಅವನಿಗೆ ಮೊದಲು ಅನಿಸಿದ್ದು ಆಗ. ಎಲ್ಲರಿಗೂ ಒಳ್ಳೆಯದು, ಸಾಬರಿಗೂ ಒಳ್ಳೆಯದು ಎಂದು.

ಶ್ರೀರಂಜನಿಯ ಸೋದರಮಾವ ನರಸಯ್ಯನವರ ತೋಟ ಗುಬ್ಬಿಯ ಹತ್ತಿರ. ಕಾಯಿಗೆ ನುಸಿ ಬಿದ್ದಾಗ ಅವರು ಬೇರಿಗೆ ಔಷಧಿ ಕಟ್ಟುವುದನ್ನು ವಿಷ್ಣು ನೋಡಿದ್ದ. ಬುಡದಿಂದ ಆಚೆ ಮಣ್ಣು ಕೆದಕಿ, ಒಂದು ಜೀವಂತ ಬೇರು ಹುಡುಕಿ, ಓರೆಯಾಗಿ ಕೊಯ್ದು, ಔಷಧಿ ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಆ ತುದಿ ಮುಳುಗಿಸಿ ಕಟ್ಟಿ ಮಣ್ಣು ಮುಚ್ಚುವುದು. ಮಾರನೆಯ ದಿನ ನೋಡಿದರೆ ಚೀಲ ಖಾಲಿ, ಮರ ಕುಡಿದಿರುತ್ತದೆ. 'ಕಟ್ಟೋಕ್ ಮುಂಚೇನೇ ಬಲ್ತಿರೋ ಕಾಯಿ, ಎಳ್ನೀರು ಎಲ್ಲಾ ಇಳಿಸ್ಕಂಬುಡ್ಬೇಕು ಕಣಪ್ಪ,' ಎಂದಿದ್ದರು ನರಸಯ್ಯ. 'ಆಮೇಲೆ ಒಂದೂವರೆ ತಿಂಗ್ಳು ಆ ಮರದ್ ಕಡೀಕೆ ಕೈ ನೀಡಂಗಿಲ್ಲ. ಕಾಯ್ಗೂ ಇಳೀತದೆ ಅದು.' ಸಾಬರ ಮರದ ಬೇರುಗಳು ಗೋಡೆಯ ಕೆಳಗೆ ನುಗ್ಗಿ ವಿಷ್ಣುವಿನ ಸಂಪಿನ ಪಕ್ಕಕ್ಕೆ ಬಂದಿದ್ದವು. ನನ್ನ ಮಣ್ಣಿನಲ್ಲಿರುವ ಬೇರು. ಗುಬ್ಬಿಗೆ ಹೋಗಿ ಬರುವಾಗ ರಸಗೊಬ್ಬರದ ಅಂಗಡಿಯಲ್ಲಿ ಅವನು ಕೊಂಡದ್ದು ನುಸಿಯ ಔಷಧಿಯಲ್ಲ, ಕಳೆನಾಶಕ. ಶುಕ್ರವಾರ ಮಧ್ಯಾಹ್ನ ಸಾಬರು ಟೋಪಿ ಹಾಕಿಕೊಂಡು ಜುಮ್ಮಾ ನಮಾಜಿಗೆ ಹೋದದ್ದನ್ನು ಕಿಟಕಿಯಿಂದ ನೋಡಿ, ಹಟ್ಟಹಗಲಲ್ಲಿ, ರಂಗೋಲಿ ಬಿಡುವಷ್ಟೇ ಜಾಗದಲ್ಲಿ ಕೂತು ಕೆಲಸ ಮುಗಿಸಿದ. ಚೀಲ ಕಟ್ಟುವಾಗ ಕೈ ನಡುಗಲಿಲ್ಲ. ಅದೇ ಈಗ ಅವನನ್ನು ಹೆಚ್ಚು ಹೆದರಿಸುತ್ತಿತ್ತು.

'ಬೆಟ್ಟಸ್ವಾಮೀ, ಇನ್ನೊಂದ್ ನಾಕು ಇಳ್ಸಪ್ಪ. ಜ್ವರದ ಬಾಯಿಗೆ ಅದೊಂದೇ ಒಳೀಕೆ ಹೋಗ್ತಿರೋದು.'

ಇಸಾಕ್ ಸಾಬರ ದನಿ. ವಿಷ್ಣು ಎದ್ದು ನಿಂತ. ಮರದ ನೆತ್ತಿಯಲ್ಲಿ ಬೆಟ್ಟಸ್ವಾಮಿ ಕಾಲುಗಳನ್ನು ಕತ್ತರಿಯಂತೆ ಹಾಕಿಕೊಂಡು ಕೂತು, ಎಳನೀರಿನ ಗೊನೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತಿದ್ದ. ಇಳಿಸುತ್ತ ಇಳಿಸುತ್ತ ಕೂಗಿದ, 'ಸಾಬ್ರೇ, ಸುಳಿ ಯಾಕೋ ಕಂದು ತಿರುಗದೆ. ದುಂಬಿ ಕೊರೆದದೇನೋ. ಮೊನ್ನೆ ಹತ್ತಿದಾಗ ಇಷ್ಟಿರ್ಲಿಲ್ಲ.' ಮೊನ್ನೆ ಹತ್ತಿದಾಗ. ಹಾಗಾದರೆ ಇದು ಮೊದಲ ಸಲವಲ್ಲ. ವಿಷ್ಣು ಕಾಲೇಜಿನಲ್ಲಿದ್ದಾಗ, ಮೊನ್ನೆಯಿಂದಲೇ ಇಳಿಸಿದ್ದಾರೆ, ಮೊನ್ನೆಯಿಂದಲೇ ಆಕೆ ಕುಡಿದಿದ್ದಾರೆ. ಅವನು ಟ್ಯಾಂಕಿನ ಅಂಚನ್ನು ಹಿಡಿದುಕೊಂಡ. ಮರ ಸಾಯಲಿ ಎಂದು ಮಾಡಿದ್ದ ಅವನು ಮರ ಕಾಯಿ ಬಿಡುತ್ತದೆ ಎನ್ನುವುದನ್ನು ಮರೆತಿದ್ದನೆ? ಮರೆತಿರಲಿಲ್ಲ. ಸಾಬರ ಮನೆಯಲ್ಲಿ ಚಳಿಗಾಲದಲ್ಲಿ ಎಳನೀರು ಮುಟ್ಟುವುದಿಲ್ಲ, ಬಲಿತ ಕಾಯಿ ಬೇಸಿಗೆಗೆ ಇಳಿಸುತ್ತಾರೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದು ತನಗೆ ತಾನೇ ವಾದ ಮಾಡಿಕೊಂಡಿದ್ದ. ಹೋಗಿ ಹೇಳಬೇಕು ಎಂದುಕೊಂಡ. ಹೇಳಿದರೆ? ಸಾಬರ ಮಗ ತಾರಿಖ್ ಸುಮ್ಮನಿರುತ್ತಾನೆಯೇ? ಪೊಲೀಸ್, ಕಾಲೇಜಿನ ನೋಟಿಸ್, ಪೇಪರಿನಲ್ಲಿ ಹೆಸರು. ರಾಮಾಂಜಿನಯ್ಯನ ಬೈಕು. ಬರೀ ಜ್ವರವೇ ಆಗಿದ್ದರೆ, ಸುಮ್ಮನೆ ಹೇಳಿ ಬೆಂಕಿ ಹಚ್ಚಿದಂತಾಗುವುದಿಲ್ಲವೇ? ಯೋಚನೆ ಮಾಡುತ್ತಲೇ ಮೆಟ್ಟಿಲಿಳಿದ. ಯೋಚನೆ ಮಾಡುತ್ತಿದ್ದೇನೆ ಎನ್ನುವುದೇ ಏನೋ ಒಂದು ಮಾಡಿದಂತೆ ಅವನಿಗೆ ಸಮಾಧಾನ ಕೊಡುತ್ತಿತ್ತು.

ಅಡುಗೆಮನೆಯಲ್ಲಿ ಶ್ರೀರಂಜನಿ ನಿಂತಿದ್ದಳು. ಕಟ್ಟೆಯ ಮೇಲೆ ಎರಡು ಎಳನೀರು, ಒಂದರ ತಲೆ ಕೆತ್ತಿ ಸ್ಟೀಲಿನ ಲೋಟಕ್ಕೆ ಬಗ್ಗಿಸಿಯಾಗಿತ್ತು.

'ಸಾಬ್ರು ಗೋಡೆ ಮೇಲಿಂದ ಕೊಟ್ರು ರೀ,' ಎಂದಳು. 'ನೀವು ಅಷ್ಟೆಲ್ಲ ಅಂದ್ರೂ ಮನಸ್ಸಲ್ಲಿಟ್ಕೊಂಡಿಲ್ಲ ನೋಡಿ. ಒಂದ್ ನೀವು ಕುಡೀರಿ.'

ಲೋಟ ಅವಳ ತುಟಿಯ ಹತ್ತಿರ ಹೋಯಿತು. ವಿಷ್ಣುವಿನ ಕೈ ಅವನನ್ನು ಕೇಳದೆ ಮುಂದೆ ಹೋಗಿ ಲೋಟವನ್ನು ಹೊಡೆಯಿತು. ಅದು ಸಿಂಕಿಗೆ ಬಡಿದು, ನೆಲಕ್ಕೆ ಬಿದ್ದು, ಸುತ್ತಿ ಸುತ್ತಿ ನಿಂತಿತು. ಅವಳ ನೈಟಿಯ ಮೇಲೆಲ್ಲ ನೀರು. ಅವಳು ಬೆದರಿ ಹಿಂದೆ ಸರಿದು ಅವನ ಮುಖ ನೋಡಿದಳು. ಮದುವೆಯಾಗಿ ಹದಿನೇಳು ವರ್ಷ, ಅವನು ಅವಳ ಮೇಲೆ ಕೈ ಎತ್ತಿದವನಲ್ಲ.

'ಕುಡಿದ್ಯಾ? ಒಂದ್ ಗುಟುಕಾದ್ರೂ ಕುಡಿದ್ಯಾ?'

'ಇಲ್ಲ... ಏನಾಯ್ತು ರೀ ನಿಮಗೆ?'

ಅವಳು ನೆಲದ ಮೇಲಿನ ನೀರನ್ನು ನೋಡಿದಳು, ಕಟ್ಟೆಯ ಮೇಲಿನ ಇನ್ನೊಂದು ಎಳನೀರನ್ನು ನೋಡಿದಳು, ಆಮೇಲೆ ಕಿಟಕಿಯಾಚೆ ಸಂಪಿನ ಪಕ್ಕದಲ್ಲಿ ಹೊಸದಾಗಿ ಕೆದಕಿ ಮುಚ್ಚಿದ ಮಣ್ಣನ್ನು. ಆವತ್ತು ಅದೇನು ಅಂತ ಕೇಳಿದ್ದಳು, ಪೈಪ್ ಲೀಕು ಎಂದಿದ್ದ. ಗುಬ್ಬಿಯ ತೋಟದಲ್ಲಿ ಬೆಳೆದ ಹುಡುಗಿ ಅವಳು. ಹೆಚ್ಚು ಹೊತ್ತು ಬೇಕಾಗಲಿಲ್ಲ.

'ಏನ್ ಕಟ್ಟಿದ್ರಿ?' ಎಂದಳು, ಪಿಸುಗುಟ್ಟಿದಂತೆ.

'ಕಳೆಗೆ ಹೊಡೆಯೋದು.'

'ಅಲ್ಲಿ ಆ ಯಮ್ಮ ಎರಡ್ ದಿನದಿಂದ ಅದನ್ನೇ ಕುಡೀತಾ ಇದಾರೆ. ನೀವಿಲ್ಲಿ ನಿಂತಿದೀರಲ್ಲ!' ಅವಳು ಅಳಲಿಲ್ಲ, ಬಾಗಿಲ ಕಡೆ ಕೈ ತೋರಿಸಿದಳು. 'ಡಬ್ಬಿ ಎಲ್ಲಿದೆ? ತಗೊಂಡ್ ನಡೀರಿ.'

ಇಸಾಕ್ ಸಾಬರ ಮನೆಯ ನಡುಕೋಣೆಯಲ್ಲಿ ಕುಲ್ಸುಂ ಬೀ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದರು. ಕಣ್ಣಿನ ಸುತ್ತ ಕಪ್ಪಾಗಿತ್ತು. ಪಕ್ಕದ ಸ್ಟೂಲಿನ ಮೇಲೆ ಅರ್ಧ ಲೋಟ ಎಳನೀರು. ವಿಷ್ಣುವನ್ನು ಕಂಡು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, 'ಬಾಪ್ಪ, ಎಷ್ಟ್ ದಿನ ಆಯ್ತು ನೀನ್ ಈ ಕಡೆ ಬಂದು' ಎಂದರು. ಸಾಬರು ಬಟ್ಟಲು ತೊಳೆಯುತ್ತಿದ್ದವರು ಕೈ ಒರೆಸಿಕೊಳ್ಳುತ್ತ ಹೊರಬಂದರು. ದಾರಿಯಲ್ಲಿ ಅವನು ಜೋಡಿಸಿಕೊಂಡಿದ್ದ ವಾಕ್ಯಗಳಲ್ಲಿ ಒಂದೂ ಉಳಿಯಲಿಲ್ಲ. ಡಬ್ಬಿಯನ್ನು ಮುಂದೆ ಹಿಡಿದ.

'ಸಾಬರೇ, ಮರದ ಬೇರಿಗೆ ನಾನು ಇದನ್ನ ಕಟ್ಟಿದೀನಿ. ಒಂಬತ್ತ್ ದಿನ ಆಯ್ತು. ಎಳನೀರು ಕೊಡಬೇಡಿ.'

ಸಾಬರಿಗೆ ಮೊದಲು ಅರ್ಥವಾಗಲಿಲ್ಲ. ಡಬ್ಬಿಯನ್ನು ಕಣ್ಣಿಗೆ ಹತ್ತಿರ ಹಿಡಿದು, ವಿಷದ ಗುರುತಿನ ಬಣ್ಣದ ತ್ರಿಕೋನವನ್ನು ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ ನಿಧಾನವಾಗಿ ಸ್ಟೂಲಿನ ಕಡೆ ತಿರುಗಿ ಲೋಟವನ್ನು ಎತ್ತಿಕೊಂಡು ಬಚ್ಚಲಿಗೆ ಸುರಿದರು. ವಿಷ್ಣು ಏಟಿಗೆ ಕಾದು ನಿಂತಿದ್ದ. ಕೆನ್ನೆ ತಾನಾಗಿ ಬಿಗಿದುಕೊಂಡಿತ್ತು.

'ತಾರಿಖ್ ಸೀಟ್ ಕವರ್ ಡೆಲಿವರಿ ಅಂತ ಕುಣಿಗಲ್‌ಗೆ ಹೋಗವ್ನೆ,' ಎಂದರು ಸಾಬರು, ಯಾರಿಗೋ ಹೇಳುವಂತೆ. 'ನಿನ್ ಕಾರ್ ತೆಗಿ.'

ಆಸ್ಪತ್ರೆಯಲ್ಲಿ ಡಾಕ್ಟರು ಡಬ್ಬಿಯ ಮೇಲಿನದನ್ನು ಎರಡು ಸಲ ಓದಿದರು. ರಕ್ತ ತೆಗೆದರು, ಡ್ರಿಪ್ ಏರಿಸಿದರು. ಒಂದು ಗಂಟೆಯಾದ ಮೇಲೆ ಹೊರಗೆ ಬಂದು, ಡೆಂಗಿ ಪಾಸಿಟಿವ್ ಇದೆ, ಪ್ಲೇಟ್‌ಲೆಟ್ ಇಳಿದಿದೆ, ವಾಂತಿಗೆ ಅದೇ ಸಾಕು ಎಂದರು. ವಿಷ್ಣು ಕೈ ಜೋಡಿಸಿದ. ಆದರೆ ಡಾಕ್ಟರು ನಿಲ್ಲಿಸಿರಲಿಲ್ಲ. 'ಹಾಗಂತ ಇದೇನೂ ಮಾಡಿಲ್ಲ ಅಂತ ನಾನು ಹೇಳೋಕಾಗಲ್ಲ. ಮರದಿಂದ ಕಾಯಿಗೆ ಎಷ್ಟು ಇಳಿದಿದೆ, ಇವರು ಎಷ್ಟು ಕುಡಿದ್ರು, ಯಾರಿಗ್ ಗೊತ್ತು? ಕಿಡ್ನಿ ನಾಲ್ಕು ದಿನ ನೋಡ್ಬೇಕು. ವಿಷದ ವಿಚಾರ ಬಂದ್ಮೇಲೆ ಪೊಲೀಸ್‌ಗೆ ತಿಳಿಸ್ಲೇಬೇಕು, ತಿಳಿಸಿದೀನಿ. ಬರ್ತಾರೆ.'

ಬೆಂಚಿನ ಮೇಲೆ ಸಾಬರು ಒಂದು ತುದಿಗೆ, ಅವನು ಇನ್ನೊಂದು ತುದಿಗೆ ಕೂತರು. ನಡುವೆ ಮೂರು ಜನ ಕೂರುವಷ್ಟು ಜಾಗ. ಅಷ್ಟರಲ್ಲಿ ಶ್ರೀರಂಜನಿ ಒಳಗೆ ಕುಲ್ಸುಂ ಬೀಯ ಕಾಲು ಒತ್ತುತ್ತಿದ್ದದ್ದು ಪರದೆಯ ಸಂದಿಯಿಂದ ಕಾಣುತ್ತಿತ್ತು. ಕಾನ್‌ಸ್ಟೇಬಲ್ ಬಂದರೆ ಏನೆನ್ನಬೇಕೆಂದು ವಿಷ್ಣು ಮನಸ್ಸಿನಲ್ಲೇ ಹೇಳಿಕೊಂಡ: ನಾನೇ, ಬೇಕಂತಲೇ. ಹೇಳಿಬಿಟ್ಟರೆ ಮುಗಿಯಿತು. ಮುಗಿಯಲಿ ಎನ್ನುವ ಆಸೆ ಭಯಕ್ಕಿಂತ ದೊಡ್ಡದಾಗುತ್ತ ಬಂದು, ಅವನಿಗೆ ತಾನು ಪರವಾಗಿಲ್ಲ, ಧೈರ್ಯಸ್ಥ ಎಂದು ಕೂಡ ಒಂದು ಕ್ಷಣ ಅನಿಸಿತು.

ಕಾನ್‌ಸ್ಟೇಬಲ್ ರೇವಣಸಿದ್ದಯ್ಯ ಹಾಳೆ ಬಿಚ್ಚಿ ಪೆನ್ನು ಜಾಡಿಸಿ, 'ಔಷಧಿ ಕಟ್ಟಿದ್ಯಾರು?' ಎಂದರು. ವಿಷ್ಣು ಎದ್ದು ನಿಂತ. ಅವನು ಬಾಯಿ ತೆರೆಯುವ ಮೊದಲೇ ಇಸಾಕ್ ಸಾಬರು ಕೂತಲ್ಲಿಂದಲೇ ಹೇಳಿದರು:

'ನಾನೇ ಸ್ವಾಮಿ. ಸುಳಿಗೆ ಹುಳ ಬಿದ್ದಿತ್ತು. ಅಂಗಡಿಯೋನು ಯಾವ್ದೋ ಕೊಟ್ಟ, ಓದ್ದೆ ಕಟ್ಬಿಟ್ಟೆ. ಮನೇಲಿ ಹೇಳ್ದೆ ಹೋದೆ, ಕಾಯಿ ಇಳ್ಸಿ ಕುಡಿದ್ರು. ಈ ಪಕ್ಕದ್ಮನೆ ಮೇಷ್ಟ್ರು ಡಬ್ಬಿ ನೋಡಿ ಹೇಳಿದ್ಕೆ ಗೊತ್ತಾಯ್ತು.'

'ಯಾರ್ ಮೇಲಾದ್ರೂ ಅನುಮಾನ?'

'ಯಾರ್ ಮೇಲೆ ಅನುಮಾನ ಸ್ವಾಮಿ, ನನ್ ಮರ, ನನ್ ಕೈ.'

ಅವರು ಸಹಿ ಹಾಕಿದರು. ಕಾನ್‌ಸ್ಟೇಬಲ್ 'ಇಷ್ಟ್ ವಯಸ್ಸಾಗಿ ಓದಿ ನೋಡ್ಬಾರ್ದೇನ್ರಿ' ಎಂದು ಬೈದು ಹೋದರು. ಆ ಬೈಗುಳವನ್ನು ಸಾಬರು ತಲೆ ತಗ್ಗಿಸಿ ಕೇಳಿಸಿಕೊಂಡರು. ವಿಷ್ಣು ಅವರ ಪಕ್ಕಕ್ಕೇ ಕೂತ. 'ಸಾಬರೇ,' ಎಂದು ಅವರ ಕೈ ಮುಟ್ಟಲು ಹೋದ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

'ನಿನಗೋಸ್ಕರ ಅಂದ್ಕೊಂಡ್ಯಾ?' ದನಿ ಪಕ್ಕದಲ್ಲಿ ಹಾದುಹೋಗುವವರಿಗೂ ಕೇಳದಷ್ಟು ಸಣ್ಣಗಿತ್ತು. 'ಹಿಂದೆ ಇನ್ನೊಂದೂರಲ್ಲಿ ಅಂಗಡಿ ಇಟ್ಟಿದ್ದೆ ನಾನು. ಬಚ್ಚಲು ನೀರು ಯಾರ್ ಮನೆ ಮುಂದೆ ಹರಿಯುತ್ತೆ ಅನ್ನೋ ಜಗಳ. ಬಚ್ಚಲು ನೀರು, ಅಷ್ಟೇ ಕಣಯ್ಯ. ಸಾಯಂಕಾಲದ ಹೊತ್ತಿಗೆ ಅದು ನನ್ ಕೈಲೂ ಇರ್ಲಿಲ್ಲ, ಪಕ್ಕದೋನ ಕೈಲೂ ಇರ್ಲಿಲ್ಲ. ಮೂರ್ ದಿನ ಕರ್ಫ್ಯೂ ಅಂತ ಅಂಗಡಿ ಬಾಗ್ಲು ಹಾಕ್ದೋನು ಮತ್ತೆ ತೆಗೀಲಿಲ್ಲ.' ಪರದೆಯ ಕಡೆ ಒಮ್ಮೆ ನೋಡಿದರು. 'ನೀನು ಜೈಲಿಗೆ ಹೋಗ್ತೀನಿ ಅಂತ ಹೆದರ್ತಿದೀಯ. ನನ್ ಭಯ ಅಲ್ಲಿಂದಾಚೆ ಶುರುವಾಗುತ್ತೆ. ನೀನ್ ಒಳಗೆ ಹೋದ ದಿನ ನಮ್ ಬೀದೀಲಿ ಯಾರ್ಯಾರು ಬಂದು ನಿಲ್ತಾರೆ ಗೊತ್ತಾ? ತಾರಿಖ್‌ಗೆ ಗೊತ್ತಾದ್ರೆ ಅವನ್ ಹಿಂದೆ ಯಾರ್ ನಿಲ್ತಾರೆ ಗೊತ್ತಾ? ಪೊಲೀಸ್‌ಗೆ ಹೇಳಿದ್ದನ್ನೇ ಅವನಿಗೂ ಹೇಳ್ತೀನಿ. ನೀನು ಬಾಯಿ ಮುಚ್ಕೊಂಡಿರು. ತಪ್ಪೊಪ್ಕೊಂಡು ಹಗುರ ಆಗ್ಬೇಡ.'

ಮಧ್ಯಾಹ್ನ ಕುಣಿಗಲ್ಲಿನಿಂದ ತಾರಿಖ್ ಓಡಿ ಬಂದ. ಅಪ್ಪ ಹೇಳಿದ್ದನ್ನು ಕೇಳಿ, 'ನಿಮಗೆ ಬುದ್ಧಿ ಇದೆಯಾ ಅಬ್ಬಾ' ಎಂದು ವರಾಂಡದಲ್ಲಿ ಎಲ್ಲರೂ ತಿರುಗಿ ನೋಡುವಂತೆ ಕೂಗಿದ. ಆಮೇಲೆ ವಿಷ್ಣುವಿನ ಎರಡೂ ಕೈ ಹಿಡಿದುಕೊಂಡು, 'ನೀವಿಲ್ದಿದ್ರೆ ಅಮ್ಮನ ಗತಿ ಏನಾಗ್ತಿತ್ತೋ ವಿಷ್ಣು ಅಣ್ಣ' ಎಂದು ಅತ್ತುಬಿಟ್ಟ. ಅವನ ಬೆಚ್ಚನೆಯ ಅಂಗೈಯೊಳಗೆ ತನ್ನ ಕೈಗಳು ಸಿಕ್ಕಿಹಾಕಿಕೊಂಡಿದ್ದಷ್ಟು ಹೊತ್ತು ವಿಷ್ಣು ಗೋಡೆಯ ಮೇಲಿದ್ದ, ಕೈ ತೊಳೆಯುವ ಕ್ರಮದ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ನಿಂತ.

ಕುಲ್ಸುಂ ಬೀ ಆರನೆಯ ದಿನ ಮನೆಗೆ ಬಂದರು. ಪ್ಲೇಟ್‌ಲೆಟ್ ಏರಿತ್ತು, ಕಿಡ್ನಿಯ ರಿಪೋರ್ಟು ಸರಿಯಿತ್ತು. ಏನಾಗಿತ್ತು, ಎಷ್ಟು ಡೆಂಗಿ, ಎಷ್ಟು ತಾನು ಎನ್ನುವುದು ವಿಷ್ಣುವಿಗೆ ಎಂದಿಗೂ ತಿಳಿಯುವಂತಿರಲಿಲ್ಲ. ರಾತ್ರಿಯ ಊಟಕ್ಕೆ ಕೂತಾಗ ಶ್ರೀರಂಜನಿ ಅವನಿಗೆ ಬಡಿಸಿ ಬೇರೆ ಕೋಣೆಗೆ ಹೋಗುತ್ತಿದ್ದಳು. ಒಂದು ದಿನ ಮಾತ್ರ, 'ನೀವು ನನ್ ಕೈಯಿಂದ ಲೋಟ ತಪ್ಪಿಸಿದ್ರಿ. ನಾನು ಕುಡಿಯೋಕ್ ಹೋಗ್ದೆ ಇದ್ದಿದ್ರೆ, ಅಲ್ಲಿಗೆ ಹೋಗ್ತಿದ್ರಾ?' ಎಂದು ಕೇಳಿದಳು. ಅವನು ಯೋಚನೆ ಮಾಡಿ ಉತ್ತರ ಹೇಳೋಣವೆಂದುಕೊಂಡ. ಅವಳು ತಟ್ಟೆ ಎತ್ತಿಕೊಂಡು ಹೋದಳು.

ಜನವರಿ ಮುಗಿಯುವ ಹೊತ್ತಿಗೆ ಸುಳಿ ಕೊಳೆತು ಒಂದು ಕಡೆಗೆ ಬಾಗಿತು. ಗರಿಗಳು ಒಂದೊಂದಾಗಿ ಜೋತು ಬಿದ್ದವು. ಹಾಗೇ ಬಿಟ್ಟರೆ ಗಾಳಿಗೆ ಯಾರ ಮನೆಯ ಮೇಲಾದರೂ ಬೀಳುತ್ತದೆಂದು ಸಾಬರು ಮತ್ತೆ ಬೆಟ್ಟಸ್ವಾಮಿಯನ್ನು ಕರೆಸಿದರು. ಅವನು ಮೇಲೆ ಹತ್ತಿ ಮೊದಲು ಗರಿ, ಆಮೇಲೆ ತಲೆ, ಆಮೇಲೆ ಕಾಂಡವನ್ನು ತುಂಡು ತುಂಡಾಗಿ ಕುಯ್ದು ಹಗ್ಗದಲ್ಲಿ ಇಳಿಸಿದ. ತಲೆ ಇಳಿದಾಗ ಹನ್ನೊಂದು ಗಂಟೆ. ವಿಷ್ಣುವಿನ ತಾರಸಿಯ ಮೇಲೆ ಬಿಸಿಲು ಒಂದು ಕಲೆಯೂ ಇಲ್ಲದೆ ಬಿದ್ದಿತು. ಜೇಬಿನ ಮೊಬೈಲಿನಲ್ಲಿ ಗುಡ್ಡ ದುಂಡಗಾಗುತ್ತಿರುತ್ತದೆಂದು ಅವನಿಗೆ ಗೊತ್ತಿತ್ತು. ತೆಗೆದು ನೋಡಲು ಹೆದರಿಕೆಯಾಯಿತು.

ತೆಂಗಿನ ಮರ ಕಡಿದರೆ ತಲೆಯೊಳಗಿನ ಬಿಳಿ ತಿರುಳು ತಿನ್ನಲು ಬೀದಿಯೇ ಬರುತ್ತದೆ. ಹಾಲಿನಂತೆ ಸಿಹಿ, ಗರಿಗರಿ. ಹೆಂಗಸರು ತಟ್ಟೆ ಹಿಡಿದುಕೊಂಡು ಗೇಟಿನ ಬಳಿ ನೆರೆದರು. ರಾಮಾಂಜಿನಯ್ಯ ಕಾಲುಭಾಗ ಕೊಳೆತಿದ್ದ ತಲೆಯನ್ನು ಮಗುಚಿ, 'ಈ ಕಡೆ ಚೆನ್ನಾಗೈತೆ, ಮಚ್ಚು ಕೊಡಿ ಇಲ್ಲಿ' ಎಂದು ಕೂತುಬಿಟ್ಟ.

'ಮುಟ್ಬೇಡಿ!' ಇಸಾಕ್ ಸಾಬರು ಆ ವಯಸ್ಸಿಗೆ ಓಡಿ ಬಂದು ತಲೆಯ ಮುಂದೆ ನಿಂತರು. 'ಔಷಧಿ ಕಟ್ಟಿದೆ ಇದಕ್ಕೆ. ಯಾರೂ ತಿನ್ಬೇಡಿ.'

'ಯಾವಾಗ್ ಕಟ್ಟಿದ್ದು? ಯಾರು?' ರಾಮಾಂಜಿನಯ್ಯ ಎದ್ದು ನಿಂತು, ಸಾಬರ ಮುಖವನ್ನೂ, ಗೋಡೆಯ ಈಚೆ ನಿಂತಿದ್ದ ವಿಷ್ಣುವಿನ ಮುಖವನ್ನೂ ನೋಡಿದ. ನೋಡುತ್ತ ಅವನ ತುಟಿಯಲ್ಲಿ ಏನೋ ತಿಳಿದಂಥ ನಗು ಮೂಡತೊಡಗಿತು. 'ಮೇಷ್ಟ್ರೇ, ನಿಮಗೇನಾದ್ರೂ ಗೊತ್ತಾ?'

ಮಾತು ವಿಷ್ಣುವಿನ ಹಲ್ಲಿನ ಹಿಂದೆ ಬಂದು ನಿಂತಿತ್ತು. ಸಾಬರು ಅವನ ಕಡೆ ನೋಡಿದರು. ಅರವತ್ತೇಳು ವರ್ಷದ ಆ ಕಣ್ಣುಗಳಲ್ಲಿ ಕೋಪವಿರಲಿಲ್ಲ, ಬೇಡಿಕೆಯಿತ್ತು. ಆ ಬೇಡಿಕೆಯಷ್ಟು ಭಯಂಕರವಾದದ್ದನ್ನು ಅವನು ಕಂಡಿರಲಿಲ್ಲ.

'ಹುಳಕ್ಕೆ ಕಟ್ಟಿದ್ರು,' ಎಂದ ವಿಷ್ಣು. 'ನಾನೇ ನೋಡಿದೀನಿ.'

ಜನ ಗೊಣಗಿಕೊಂಡು ಚದುರಿದರು. ರಾಮಾಂಜಿನಯ್ಯ ಬೈಕು ಒದ್ದು ಸ್ಟಾರ್ಟ್ ಮಾಡಿಕೊಂಡು ಹೋದ. ಅಂಗಳದಲ್ಲಿ ತಲೆ ಬಿದ್ದಿತ್ತು, ಅದನ್ನು ಹೂಳಲು ಸಾಬರು ಒಬ್ಬರೇ ಗುದ್ದಲಿ ತಂದು ಬುಡದ ಪಕ್ಕ ಅಗೆಯತೊಡಗಿದರು. ಎರಡು ಏಟಿಗೇ ಉಸಿರು ಕಟ್ಟಿ ನಿಂತರು. ವಿಷ್ಣು ಗೇಟು ತೆರೆದು ಒಳಗೆ ಹೋಗಿ ಕೈ ಚಾಚಿದ. ಅವರು ಗುದ್ದಲಿ ಕೊಡಲಿಲ್ಲ, ನೆಲಕ್ಕೆ ಇಟ್ಟರು. ಅವನು ಎತ್ತಿಕೊಂಡ. ಬೇರುಗಳು ಹಗ್ಗದ ಹಾಗೆ ಹೆಣೆದುಕೊಂಡಿದ್ದವು. ಒಂದೊಂದನ್ನೂ ಕಡಿದೇ ಇಳಿಯಬೇಕಿತ್ತು. ಮೊಳದುದ್ದ ಇಳಿದ ಮೇಲೆ ಅಂಗಿ ಬೆನ್ನಿಗಂಟಿತು. ಸಾಕೇ ಎಂಬಂತೆ ತಲೆ ಎತ್ತಿದ.

'ಇನ್ನೂ ಆಳ ಹೋಗ್ಬೇಕು,' ಎಂದರು ಇಸಾಕ್ ಸಾಬರು, ಬೀದಿಯ ಕಡೆಯೇ ನೋಡುತ್ತ. 'ನಾಯಿಗಳು ಕೆದಕ್ತವೆ.'

ಅವನು ಬಗ್ಗಿ ಅಗೆಯತೊಡಗಿದ.